ಯಾವುದರೊಡನೆ ಹೋಲಿಸಿದಾಗ? ಮೈಂಡ್‌ಫುಲ್‌ನೆಸ್ ಮೆಟಾ-ವಿಶ್ಲೇಷಕರಿಗೆ ಒಂದು ಬಹಿರಂಗ ಪತ್ರ

ಆತಂಕಕ್ಕೆ ಮೈಂಡ್‌ಫುಲ್‌ನೆಸ್ ಚಿಕಿತ್ಸೆ ಎಷ್ಟು ಫಲಕಾರಿ ಎಂಬ ಬಗ್ಗೆ ಮೆಟಾ-ವಿಶ್ಲೇಷಣೆ ನಡೆಸುತ್ತಿರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಮತ್ತು ಅವರ ಮಾರ್ಗದರ್ಶಕರಿಗೆ,

ಮಾನ್ಯರೇ,

ಆತಂಕದ ಮೇಲೆ ಮೈಂಡ್‌ಫುಲ್‌ನೆಸ್ ಬೀರುವ ಪರಿಣಾಮಕ್ಕೆ ಪ್ರಕಟಿತ ಸಾಹಿತ್ಯದಲ್ಲಿ ಒಂದೇ ಉತ್ತರವಿಲ್ಲ. 2010ರಲ್ಲಿ ಹಾಫ್‌ಮನ್ ಮತ್ತು ಸಂಗಡಿಗರು 39 ಅಧ್ಯಯನಗಳ 1,140 ಜನರ ಮಾಹಿತಿ ಒಟ್ಟುಗೂಡಿಸಿ, ಆತಂಕದಲ್ಲಿ 0.63ರಷ್ಟು ಇಳಿಕೆ ಕಂಡುಬಂತೆಂದು ಬರೆದರು. 2014ರಲ್ಲಿ ಗೋಯಲ್ ಮತ್ತು ಸಂಗಡಿಗರು ಧ್ಯಾನ ಕಾರ್ಯಕ್ರಮಗಳ 47 ಪ್ರಯೋಗಗಳನ್ನು, ಅಂದರೆ 3,515 ಜನರನ್ನು ಪರಿಶೀಲಿಸಿದಾಗ ಮೈಂಡ್‌ಫುಲ್‌ನೆಸ್‌ಗೆ ಸಿಕ್ಕ ಅಂಕಿ ಎಂಟು ವಾರಗಳಲ್ಲಿ 0.38, ಮೂರರಿಂದ ಆರು ತಿಂಗಳ ನಂತರ 0.22. ಇವೆಲ್ಲ ಪರಿಣಾಮದ ಗಾತ್ರಗಳು, ಅಂದರೆ ಅಂಕಗಳ ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸಿ ಬಂದ ಸಂಖ್ಯೆಗಳು. ಎರಡು ವಿಶ್ಲೇಷಣೆಗಳಲ್ಲಿ ಯಾವುದೂ ಲೆಕ್ಕ ತಪ್ಪಿಲ್ಲ. ಮೊದಲನೆಯದು ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಅಂಕಗಳನ್ನು ಹೋಲಿಸಿತು. ಎರಡನೆಯದು, ಅಷ್ಟೇ ಸಮಯ ಮತ್ತು ಗಮನ ಪಡೆದ ಬೇರೊಂದು ಗುಂಪಿನೊಡನೆ ಹೋಲಿಸಿದ ಯಾದೃಚ್ಛಿಕ ಪ್ರಯೋಗಗಳನ್ನಷ್ಟೇ ತೆಗೆದುಕೊಂಡಿತು.

ಮುಂಚೆ-ನಂತರದ ಹೋಲಿಕೆಯಲ್ಲಿ ಚಿಕಿತ್ಸೆಯಲ್ಲದ ಎಷ್ಟೋ ಸಂಗತಿಗಳು ಸೇರಿಕೊಂಡಿರುತ್ತವೆ. ಆತಂಕ ತೀರಾ ಹೆಚ್ಚಾದ ವಾರಗಳಲ್ಲೇ ಜನ ಕ್ಲಿನಿಕ್ಕಿಗೆ ಬರುವುದು. ಎರಡು ತಿಂಗಳು ಸುಮ್ಮನಿದ್ದರೂ ಅವರಲ್ಲಿ ಹಲವರ ಅಂಕ ಒಂದಿಷ್ಟು ಇಳಿಯುತ್ತದೆ. ಹೋಲಿಕೆ ಗುಂಪು ಇಲ್ಲದಿದ್ದರೆ ಆ ಇಳಿಕೆಯೂ ಚಿಕಿತ್ಸೆಯ ಖಾತೆಗೇ ಜಮೆಯಾಗುತ್ತದೆ. ಆದ್ದರಿಂದ ಇಂಥ ಅಧ್ಯಯನಗಳನ್ನು ಆತಂಕದ ಮೆಟಾ-ವಿಶ್ಲೇಷಣೆಯಿಂದ ಹೊರಗಿಡುವುದೇ ಸರಿ. ಒಳಗಿಟ್ಟು ಆಮೇಲೆ ಸರಿಪಡಿಸುವ ದಾರಿ ಇಲ್ಲ.

ಯಾದೃಚ್ಛಿಕ ಪ್ರಯೋಗಗಳನ್ನಷ್ಟೇ ಉಳಿಸಿಕೊಂಡರೂ ಫಲಿತಾಂಶಗಳ ಭಿನ್ನತೆ, ಸಂಖ್ಯಾಶಾಸ್ತ್ರದವರು ಹೆಟೆರೊಜಿನಿಟಿ ಎನ್ನುವುದು, ಮಾಯವಾಗುವುದಿಲ್ಲ. ಜಾನ್ ಕಬಟ್-ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ ಕಾರ್ಯಕ್ರಮ ಎಂಟು ವಾರಗಳದ್ದು: ವಾರಕ್ಕೊಂದು ದೀರ್ಘ ತರಗತಿ, ಒಂದು ಇಡೀ ದಿನದ ಮೌನ ಶಿಬಿರ, ಜೊತೆಗೆ ದಿನವೂ ಮನೆಯಲ್ಲಿ ಅಭ್ಯಾಸ. ಇಂದು ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಡಿ ನಾಲ್ಕು ವಾರದ ಕಿರು ತರಗತಿಯೂ ಫೋನಿನ ಆ್ಯಪ್ ಕೂಡ ಬರುತ್ತವೆ. ಭಾಗವಹಿಸುವವರಲ್ಲಿ ಪರೀಕ್ಷೆಯ ಒತ್ತಡದ ವಿದ್ಯಾರ್ಥಿಗಳು, ಕ್ಯಾನ್ಸರ್ ರೋಗಿಗಳು, ಆತಂಕದ ಕಾಯಿಲೆಯೆಂದೇ ಗುರುತಿಸಲ್ಪಟ್ಟವರು ಎಲ್ಲರೂ ಇರುತ್ತಾರೆ. ಅಳತೆಗೋಲೂ ಒಂದಲ್ಲ. ಸ್ಪೀಲ್‌ಬರ್ಗರ್ ಪ್ರಶ್ನಾವಳಿಯ ಒಂದು ಭಾಗ ಈ ಕ್ಷಣದ ಆತಂಕವನ್ನು ಕೇಳಿದರೆ ಇನ್ನೊಂದು ಸ್ವಭಾವದ ಆತಂಕವನ್ನು ಕೇಳುತ್ತದೆ. ಬೆಕ್ ಮಾಪನ ದೇಹದ ಲಕ್ಷಣಗಳಿಗೆ ಹೆಚ್ಚು ಒತ್ತು ಕೊಡುತ್ತದೆ. ಹ್ಯಾಮಿಲ್ಟನ್ ಮಾಪನವನ್ನು ತುಂಬುವವರು ರೋಗಿಯಲ್ಲ, ವೈದ್ಯರು.

ಇವುಗಳಲ್ಲೆಲ್ಲ ಫಲಿತಾಂಶವನ್ನು ಹೆಚ್ಚು ಅಲುಗಾಡಿಸುವುದು ಹೋಲಿಕೆ ಗುಂಪು. ವೇಟಿಂಗ್ ಲಿಸ್ಟ್ ಗುಂಪಿನವರಿಗೆ ಎಂಟು ವಾರ ಏನೂ ಸಿಗುವುದಿಲ್ಲ. ತಮ್ಮ ಸರದಿ ಬರುತ್ತದೆಂದು ಗೊತ್ತಿರುವುದರಿಂದ ಅವರು ಬೇರೆ ನೆರವು ಹುಡುಕುವುದನ್ನೂ ಮುಂದೂಡಬಹುದು. ಕಾಯುವುದೇ ಅವರ ಸುಧಾರಣೆಗೆ ಅಡ್ಡಿಯಾಗಬಹುದು. ಇನ್ನೊಂದು ಕಡೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಹೋಲಿಕೆಗೆಂದೇ ರೂಪಿಸಿದ ಆರೋಗ್ಯವರ್ಧನ ಕಾರ್ಯಕ್ರಮದಂಥವು ಇವೆ. ಅದರಲ್ಲಿ ವ್ಯಾಯಾಮ, ಸಂಗೀತ, ಪೋಷಣೆಯ ಪಾಠಗಳಿವೆ. ಅಷ್ಟೇ ಗಂಟೆಗಳು, ಮನೆಯಲ್ಲಿ ಅಷ್ಟೇ ಅಭ್ಯಾಸ, ಅಷ್ಟೇ ಉತ್ಸಾಹದ ಶಿಕ್ಷಕರು. ಇಲ್ಲದಿರುವುದು ಧ್ಯಾನ ಮಾತ್ರ. ಮೂರನೆಯದು ಸ್ಥಾಪಿತ ಚಿಕಿತ್ಸೆಯೊಡನೆ ಹೋಲಿಕೆ. 2022ರ ಕೊನೆಯಲ್ಲಿ ಪ್ರಕಟವಾದ ಹೋಜ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಆತಂಕದ ಕಾಯಿಲೆಯಿದ್ದ 276 ಜನರಲ್ಲಿ ಒಂದು ಪಾಲಿಗೆ ಎಂಟು ವಾರದ ಕಾರ್ಯಕ್ರಮ, ಇನ್ನೊಂದು ಪಾಲಿಗೆ ಎಸ್ಸಿಟಾಲೊಪ್ರಾಮ್ ಮಾತ್ರೆ ಕೊಡಲಾಯಿತು. ಕಾರ್ಯಕ್ರಮ ಮಾತ್ರೆಗಿಂತ ಕೀಳಲ್ಲ ಎಂಬುದು ಅದರ ತೀರ್ಮಾನ. ಅಲ್ಲಿ ವ್ಯತ್ಯಾಸ ಸೊನ್ನೆಯ ಹತ್ತಿರ ಬಂದರೆ ಅದು ಒಳ್ಳೆಯ ಸುದ್ದಿ. ವೇಟಿಂಗ್ ಲಿಸ್ಟಿನೊಡನೆ ಅದೇ ಸೊನ್ನೆ ಬಂದರೆ ಸೋಲು. ಈ ಎರಡು ಸೊನ್ನೆಗಳನ್ನು ಕೂಡಿಸಿ ಸರಾಸರಿ ತೆಗೆದರೆ ಸಿಗುವ ಸಂಖ್ಯೆ ಯಾವ ಪ್ರಶ್ನೆಗೂ ಉತ್ತರವಾಗುವುದಿಲ್ಲ.

ನಿಜವಾದ ಭಿನ್ನತೆಯ ಮಾತಿಗೆ ಮುನ್ನ ಹುಸಿ ಭಿನ್ನತೆಯನ್ನು ಕಳೆಯಬೇಕು. ಇದರ ಬಹುಪಾಲು ಹುಟ್ಟುವುದು ಮಾಹಿತಿ ಎತ್ತಿಕೊಳ್ಳುವ ಹಂತದಲ್ಲಿ. ಪ್ರಬಂಧದ ಕೋಷ್ಟಕದಲ್ಲಿ ಸರಾಸರಿಯ ಪಕ್ಕ ಪ್ಲಸ್-ಮೈನಸ್ ಚಿಹ್ನೆಯೊಡನೆ ಇರುವ ಅಂಕಿ ಕೆಲವೊಮ್ಮೆ ಮಾನಕ ವಿಚಲನೆಯಲ್ಲ, ಮಾನಕ ದೋಷ. ಗುಂಪಿನಲ್ಲಿ 25 ಜನ ಇದ್ದು ಮಾನಕ ವಿಚಲನೆ 10 ಆಗಿದ್ದರೆ ಮಾನಕ ದೋಷ 2. ಗುಂಪುಗಳ ನಡುವೆ 5 ಅಂಕಗಳ ವ್ಯತ್ಯಾಸವಿದ್ದಾಗ ಸರಿಯಾದ ಗಾತ್ರ 0.5; ಎರಡನ್ನು ಅದಲುಬದಲು ಮಾಡಿಕೊಂಡರೆ 2.5. ಮನೋಚಿಕಿತ್ಸೆಯ ಪ್ರಯೋಗದಲ್ಲಿ 2ಕ್ಕಿಂತ ಹೆಚ್ಚಿನ ಗಾತ್ರ ಕಂಡರೆ ಸಂತೋಷಪಡುವ ಮೊದಲು ಆ ಕೋಷ್ಟಕಕ್ಕೆ ಮರಳಿ ಹೋಗಬೇಕು. ಅದೇ ಮಾಪನ ಬಳಸಿದ ಬೇರೆ ಪ್ರಯೋಗಗಳಲ್ಲಿ ವಿಚಲನೆ 10ರ ಆಸುಪಾಸಿನಲ್ಲಿದ್ದು ಇಲ್ಲಿ ಮಾತ್ರ 2 ಇದ್ದರೆ ಅದು ಮಾನಕ ದೋಷವೆಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಕೆಲವು ಪ್ರಯೋಗಗಳಿಗೆ ಕೊನೆಯ ಅಂಕದ ವಿಚಲನೆಯನ್ನೂ ಕೆಲವಕ್ಕೆ ಬದಲಾವಣೆಯ ವಿಚಲನೆಯನ್ನೂ ಬಳಸುವುದು ಇಷ್ಟೇ ಹಾನಿಕರ, ಆದರೆ ಕಣ್ಣಿಗೆ ಬೀಳುವುದು ಕಷ್ಟ. ಎರಡರ ಅಳತೆಯ ಘಟಕವೇ ಬೇರೆ.

ಇನ್ನು ಭಿನ್ನತೆಯ ಅಳತೆ. ಬಹುತೇಕ ಪ್ರಬಂಧಗಳು ಐ-ಸ್ಕ್ವೇರ್ ಕೊಟ್ಟು ಸುಮ್ಮನಾಗುತ್ತವೆ. ಹಿಗ್ಗಿನ್ಸ್ ಮತ್ತು ಥಾಂಪ್ಸನ್ 2002ರಲ್ಲಿ ಕೊಟ್ಟ ಈ ಶೇಕಡಾವಾರು, ಕಾಣುವ ಏರುಪೇರಿನಲ್ಲಿ ಎಷ್ಟು ಪಾಲು ಆಕಸ್ಮಿಕವಲ್ಲ ಎಂದಷ್ಟೇ ಹೇಳುತ್ತದೆ. ಪರಿಣಾಮ ಪ್ರಯೋಗದಿಂದ ಪ್ರಯೋಗಕ್ಕೆ ಎಷ್ಟು ಬದಲಾಗುತ್ತದೆ ಎಂದು ಹೇಳುವುದಿಲ್ಲ. ಪ್ರಯೋಗಗಳು ದೊಡ್ಡವಾದಷ್ಟೂ, ನಿಜವಾದ ಏರುಪೇರು ಅಷ್ಟೇ ಇದ್ದರೂ, ಐ-ಸ್ಕ್ವೇರ್ ಏರುತ್ತದೆ. ಪರಿಣಾಮದ್ದೇ ಘಟಕದಲ್ಲಿ ಏರುಪೇರನ್ನು ಹೇಳುವುದು ಟೌ. ಅದನ್ನು ಓದುಗರಿಗೆ ಅರ್ಥವಾಗುವಂತೆ ಹೇಳುವುದು ಮುನ್ಸೂಚನಾ ವ್ಯಾಪ್ತಿ: ಇಂಥದ್ದೇ ಇನ್ನೊಂದು ಪ್ರಯೋಗ ನಡೆದರೆ ಅದರ ನಿಜ ಪರಿಣಾಮ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದು.

ಒಂದು ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಇಲ್ಲಿನ ಅಂಕಿಗಳು ಉದಾಹರಣೆಗೆಂದು ಕಟ್ಟಿಕೊಂಡವು. ಯಾವ ನಿಜ ಪ್ರಯೋಗದವೂ ಅಲ್ಲ. ಹತ್ತು ಪ್ರಯೋಗಗಳಿವೆ ಎನ್ನೋಣ. ಆರರಲ್ಲಿ ತಲಾ 40 ಜನ, ಹೋಲಿಕೆ ವೇಟಿಂಗ್ ಲಿಸ್ಟಿನೊಡನೆ, ಪರಿಣಾಮಗಳು 0.9, 0.6, 1.1, 0.5, 0.8, 0.7. ಉಳಿದ ನಾಲ್ಕರಲ್ಲಿ ತಲಾ 160 ಜನ, ಹೋಲಿಕೆ ಸಕ್ರಿಯ ಕಾರ್ಯಕ್ರಮದೊಡನೆ, ಪರಿಣಾಮಗಳು 0.3, 0.1, 0.25, 0.15. ಮಾನಕ ದೋಷ ಚಿಕ್ಕವಕ್ಕೆ ಸುಮಾರು 0.32, ದೊಡ್ಡವಕ್ಕೆ ಅದರ ಅರ್ಧ, 0.16.

ಡರ್‌ಸಿಮೋನಿಯನ್-ಲೇರ್ಡ್ ವಿಧಾನದಲ್ಲಿ ರ‍್ಯಾಂಡಮ್ ಎಫೆಕ್ಟ್ಸ್ ಮಾದರಿ ಹೂಡಿದರೆ ಸರಾಸರಿ 0.44, ಅದರ ಶೇ. 95 ವಿಶ್ವಾಸ ವ್ಯಾಪ್ತಿ 0.24ರಿಂದ 0.63. ಐ-ಸ್ಕ್ವೇರ್ ಶೇ. 48. ಪ್ರಬಂಧದಲ್ಲಿ ‘ಮಧ್ಯಮ ಭಿನ್ನತೆ’ ಎಂದು ಬರೆದು ಮುಂದೆ ಹೋಗಬಹುದಾದ ಅಂಕಿ ಅದು. ಆದರೆ ಟೌ 0.21, ಮುನ್ಸೂಚನಾ ವ್ಯಾಪ್ತಿ ಮೈನಸ್ 0.10ರಿಂದ 0.98. ಮುಂದಿನ ಪ್ರಯೋಗದಲ್ಲಿ ಏನೂ ಫಲ ಸಿಗದಿರಬಹುದು, ಭಾರಿ ಫಲವೂ ಸಿಗಬಹುದು ಎಂದು ಇದರರ್ಥ. ವಿಶ್ವಾಸ ವ್ಯಾಪ್ತಿ ಮಾತ್ರ ನೋಡಿದವರಿಗೆ ಈ ಸಂಗತಿ ತಿಳಿಯುವುದೇ ಇಲ್ಲ.

ಈಗ ಹೋಲಿಕೆ ಗುಂಪಿನ ಪ್ರಕಾರ ಬೇರ್ಪಡಿಸಿದರೆ ವೇಟಿಂಗ್ ಲಿಸ್ಟ್ ಪ್ರಯೋಗಗಳ ಸರಾಸರಿ 0.77, ಸಕ್ರಿಯ ಹೋಲಿಕೆಯವುಗಳದ್ದು 0.20. ಎರಡೂ ಗುಂಪುಗಳ ಒಳಗೆ ಐ-ಸ್ಕ್ವೇರ್ ಸೊನ್ನೆ. ಅಂದರೆ ಮೊದಲಿನ 0.44 ಎನ್ನುವ ಸಂಖ್ಯೆ ಹತ್ತರಲ್ಲಿ ಯಾವೊಂದು ಪ್ರಯೋಗದ ಫಲಿತಾಂಶವನ್ನೂ ಪ್ರತಿನಿಧಿಸುತ್ತಿರಲಿಲ್ಲ. ನಿಜ ಜೀವನದಲ್ಲಿ ಭಿನ್ನತೆ ಇಷ್ಟು ಚೊಕ್ಕಟವಾಗಿ ಕರಗುವುದು ಅಪರೂಪ. ಗುಂಪಿನೊಳಗೂ ಒಂದಿಷ್ಟು ಉಳಿದೇ ಉಳಿಯುತ್ತದೆ. ಈ ವಿಭಜನೆಯನ್ನು ಅಂಕಿ ನೋಡಿದ ಮೇಲೆ ಹುಡುಕಿಕೊಂಡಿರಬಾರದು, ಮೊದಲೇ ನೋಂದಾಯಿಸಿದ ಯೋಜನೆಯಲ್ಲಿ ಅದು ಇರಬೇಕು. ಹತ್ತು ಪ್ರಯೋಗಗಳನ್ನು ಎಂಟು ರೀತಿಯಲ್ಲಿ ಒಡೆದು ನೋಡಿದರೆ ಒಂದಲ್ಲ ಒಂದು ಕಡೆ ಏನೋ ‘ಮಹತ್ವದ’ ವ್ಯತ್ಯಾಸ ಸಿಕ್ಕೇ ಸಿಗುತ್ತದೆ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ಆರು ಚಿಕ್ಕ ಪ್ರಯೋಗಗಳಲ್ಲಿರುವುದು ಒಟ್ಟು 880 ಜನರಲ್ಲಿ 240 ಮಂದಿ, ಶೇ. 27. ಫಿಕ್ಸೆಡ್ ಎಫೆಕ್ಟ್ ಮಾದರಿಯಲ್ಲಿ ಅವಕ್ಕೆ ಸಿಗುವ ತೂಕವೂ ಶೇ. 27. ಆದರೆ ರ‍್ಯಾಂಡಮ್ ಎಫೆಕ್ಟ್ಸ್ ಮಾದರಿಯಲ್ಲಿ ಅದು ಶೇ. 42ಕ್ಕೆ ಏರುತ್ತದೆ. ಟೌ ಹೆಚ್ಚಾದಷ್ಟೂ ಈ ಮಾದರಿ ದೊಡ್ಡ-ಚಿಕ್ಕ ಪ್ರಯೋಗಗಳನ್ನು ಸಮಾನವಾಗಿ ಕಾಣುತ್ತ ಹೋಗುತ್ತದೆ. ಭಿನ್ನತೆಗೆ ಮದ್ದೆಂದು ತಂದ ಮಾದರಿ, ಪ್ರಕಟಣಾ ಪಕ್ಷಪಾತ ಯಾವ ಪ್ರಯೋಗಗಳಲ್ಲಿ ಹೆಚ್ಚೋ ಅವುಗಳ ದನಿಯನ್ನೇ ಜೋರು ಮಾಡುತ್ತದೆ. ಭಿನ್ನತೆಗೊಂದು ಅಧ್ಯಾಯ, ಪಕ್ಷಪಾತಕ್ಕೆ ಇನ್ನೊಂದು ಎಂದು ಪ್ರತ್ಯೇಕಿಸಿ ಬರೆಯುವ ಪರಿಪಾಠ ಸರಿಯಲ್ಲದಿರುವುದು ಇದೇ ಕಾರಣಕ್ಕೆ.

ಪಕ್ಷಪಾತ ಈ ಕ್ಷೇತ್ರದಲ್ಲಿ ಬರೀ ಅನುಮಾನದ ಮಾತಲ್ಲ. 2016ರಲ್ಲಿ ಕೊರೊನಾಡೊ-ಮೊಂಟೋಯಾ ಮತ್ತು ಸಂಗಡಿಗರು ಮೈಂಡ್‌ಫುಲ್‌ನೆಸ್ ಚಿಕಿತ್ಸೆಯ 124 ಯಾದೃಚ್ಛಿಕ ಪ್ರಯೋಗಗಳನ್ನು ತೆಗೆದು ನೋಡಿದರು. ಅವುಗಳ ಪೈಕಿ 108, ಅಂದರೆ ಶೇ. 87, ತಮ್ಮ ಸಾರಾಂಶದಲ್ಲಿ ಒಂದಾದರೂ ಸಕಾರಾತ್ಮಕ ಫಲಿತಾಂಶ ಹೇಳಿಕೊಂಡಿದ್ದವು. ನಿಜ ಪರಿಣಾಮ 0.55 ಇದೆ ಎಂದು ಧಾರಾಳವಾಗಿ ಒಪ್ಪಿಕೊಂಡರೂ, ಆ ಪ್ರಯೋಗಗಳ ಗಾತ್ರಕ್ಕೆ ನಿರೀಕ್ಷಿಸಬಹುದಾದದ್ದು ಸುಮಾರು 66 ಮಾತ್ರ. ನೋಂದಣಿ ದಾಖಲೆಗಳಲ್ಲಿ ಸಿಕ್ಕ 21 ಪ್ರಯೋಗಗಳಲ್ಲಿ 13, ಮುಗಿದು 30 ತಿಂಗಳಾದರೂ ಪ್ರಕಟವಾಗಿರಲಿಲ್ಲ. ಯಾವ ಮಾಪನ, ಯಾವ ಹೊತ್ತಿಗೆ ಎಂಬ ವಿವರದೊಡನೆ ಒಂದೇ ಮುಖ್ಯ ಫಲಿತಾಂಶವನ್ನು ಸರಿಯಾಗಿ ಗೊತ್ತುಪಡಿಸಿದ ನೋಂದಣಿ ಒಂದೂ ಇರಲಿಲ್ಲ. ಈ ಕೊನೆಯದು ಹೆಚ್ಚು ಚಿಂತೆಯ ವಿಷಯ. ಪ್ರಯೋಗ ಪ್ರಕಟವಾಗದಿರುವುದು ಒಂದು ಬಗೆ. ಮೂರು ಆತಂಕ ಮಾಪನಗಳನ್ನು ತುಂಬಿಸಿಕೊಂಡು ಚೆನ್ನಾಗಿ ಬಂದ ಒಂದನ್ನು ಮಾತ್ರ ಬರೆಯುವುದು ಇನ್ನೊಂದು. ಎರಡನೆಯದರಲ್ಲಿ ಪ್ರಯೋಗ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಕಾಣೆಯಾಗಿರುವುದು ಅದರೊಳಗಿನ ಅಂಕಿ.

ಕಾಣೆಯಾದದ್ದನ್ನು ಪತ್ತೆಹಚ್ಚಲು ರೂಢಿಯಲ್ಲಿರುವ ಸಾಧನ ಫನಲ್ ಪ್ಲಾಟ್. ಪರಿಣಾಮ ಅಡ್ಡಕ್ಕೆ, ಮಾನಕ ದೋಷ ಉದ್ದಕ್ಕೆ. ಪಕ್ಷಪಾತವಿಲ್ಲದಿದ್ದರೆ ಚುಕ್ಕೆಗಳು ಬೋರಲು ಹಾಕಿದ ಲಾಳಿಕೆಯಂತೆ ಎರಡೂ ಬದಿಗೆ ಸಮನಾಗಿ ಹರಡುತ್ತವೆ. ಕೆಳಗಿನ ಒಂದು ಮೂಲೆ ಖಾಲಿಯಿದ್ದರೆ ಫಲ ಕಾಣದ ಚಿಕ್ಕ ಪ್ರಯೋಗಗಳು ಹೊರಬಂದಿಲ್ಲವೆಂದು ಓದಲಾಗುತ್ತದೆ. ಎಗ್ಗರ್ 1997ರಲ್ಲಿ ಕೊಟ್ಟ ಪರೀಕ್ಷೆ ಈ ಅಸಮತೆಯನ್ನೇ ಅಳೆಯುತ್ತದೆ. ಹತ್ತಕ್ಕಿಂತ ಕಡಿಮೆ ಪ್ರಯೋಗಗಳಿದ್ದರೆ ಅದನ್ನು ನಡೆಸುವುದು ವ್ಯರ್ಥ ಎಂಬುದು ಸಾಮಾನ್ಯ ಸಲಹೆ.

ಮೇಲಿನ ಹತ್ತು ಪ್ರಯೋಗಗಳಿಗೆ ಎಗ್ಗರ್ ಪರೀಕ್ಷೆ ಹಾಕಿದರೆ ಅಸಮತೆ ಢಾಳಾಗಿ ಕಾಣುತ್ತದೆ. ಇದೇ ತರ್ಕವನ್ನು ಮುಂದುವರಿಸುವ ಪೆಟ್ ವಿಧಾನ ಮಾನಕ ದೋಷ ಸೊನ್ನೆಯಾದಾಗ, ಅಂದರೆ ಅನಂತ ದೊಡ್ಡ ಪ್ರಯೋಗದಲ್ಲಿ, ಪರಿಣಾಮ ಎಷ್ಟಿರುತ್ತದೆಂದು ಗೆರೆ ಎಳೆದು ಹೇಳುತ್ತದೆ. ಇಲ್ಲಿ ಗೆರೆ ಎರಡು ಸರಾಸರಿಗಳ ಮೂಲಕ ಹಾದುಹೋಗಬೇಕು: ದೋಷ 0.32ರಲ್ಲಿ 0.77, ದೋಷ 0.16ರಲ್ಲಿ 0.20. ದೋಷ ಅರ್ಧವಾದಾಗ ಪರಿಣಾಮ 0.57 ಇಳಿದಿದೆ. ಇನ್ನೂ ಅಷ್ಟೇ ದೂರ ಹೋದರೆ ಇನ್ನೂ 0.57 ಇಳಿದು ಮೈನಸ್ 0.37ಕ್ಕೆ ಬಂದು ನಿಲ್ಲುತ್ತದೆ. ಧ್ಯಾನದಿಂದ ಆತಂಕ ಹೆಚ್ಚುತ್ತದೆ ಎಂದು ಈ ‘ಸರಿಪಡಿಸಿದ’ ಅಂಕಿಯ ತೀರ್ಪು! ದೊಡ್ಡ ಪ್ರಯೋಗಗಳು ನಾಲ್ಕೂ ಸೊನ್ನೆಗಿಂತ ಮೇಲಿರುವಾಗ ಅದು ಅಸಂಬದ್ಧ. ತಪ್ಪಾದದ್ದು ಎಲ್ಲಿ ಎಂದರೆ, ಅಸಮತೆ ಬಂದದ್ದು ಚಿಕ್ಕ ಪ್ರಯೋಗಗಳು ಅಡಗಿಸಲ್ಪಟ್ಟಿದ್ದರಿಂದಲ್ಲ. ಚಿಕ್ಕವು ವೇಟಿಂಗ್ ಲಿಸ್ಟನ್ನೂ ದೊಡ್ಡವು ಸಕ್ರಿಯ ಹೋಲಿಕೆಯನ್ನೂ ಬಳಸಿದ್ದರಿಂದ. ಹಣ ಕಡಿಮೆಯಿರುವ ಆರಂಭಿಕ ಪ್ರಯೋಗ ಚಿಕ್ಕದೂ ಆಗಿರುತ್ತದೆ, ಅಗ್ಗದ ಹೋಲಿಕೆಯನ್ನೂ ಆರಿಸಿಕೊಳ್ಳುತ್ತದೆ. ಟ್ರಿಮ್ ಅಂಡ್ ಫಿಲ್ ವಿಧಾನದ ಕಥೆಯೂ ಇದೇ: ಅಸಮತೆಗೆ ಅಡಗಿಸುವಿಕೆಯೊಂದೇ ಕಾರಣವೆಂದು ನಂಬಿ, ಎಂದೂ ನಡೆಯದ ಪ್ರಯೋಗಗಳನ್ನು ನಕ್ಷೆಯಲ್ಲಿ ತುಂಬುತ್ತದೆ.

ಆದ್ದರಿಂದ ಹೋಲಿಕೆಯ ಬಗೆ ಮತ್ತು ಪ್ರಯೋಗದ ಗಾತ್ರ ಎರಡನ್ನೂ ಒಂದೇ ಮಾದರಿಯೊಳಗೆ ಇಡಬೇಕು. ಮಾನಕ ದೋಷದ ಬದಲು ಗುಂಪುಗಳ ಜನರ ಸಂಖ್ಯೆಯಿಂದಲೇ ಕಟ್ಟಿದ ಅಳತೆ ಬಳಸುವುದು ಒಳ್ಳೆಯದು. ಪರಿಣಾಮದ ಗಾತ್ರದ ಮಾನಕ ದೋಷದ ಸೂತ್ರದೊಳಗೆ ಆ ಗಾತ್ರವೇ ಇರುವುದರಿಂದ, ಪಕ್ಷಪಾತವಿಲ್ಲದಿದ್ದರೂ ಎರಡರ ನಡುವೆ ಒಂದು ನಂಟು ಕಾಣುತ್ತದೆ. ಆರ್ ಭಾಷೆಯ ಮೆಟಾಫರ್ ಪ್ಯಾಕೇಜಿನಲ್ಲಿ ಇಷ್ಟು ಸಾಕು:

```r
library(metafor)
m1 <- rma(yi, vi, data = dat, method = "REML", test = "knha")
predict(m1)
m2 <- rma(yi, vi, mods = ~ control + sqrt(1/n1 + 1/n2),
          data = dat, method = "REML", test = "knha")
```

ಎರಡನೆಯ ಸಾಲು ಮಾದರಿಯನ್ನು ಹೂಡುತ್ತದೆ, ಮೂರನೆಯದು ಸರಾಸರಿಯನ್ನೂ ಮುನ್ಸೂಚನಾ ವ್ಯಾಪ್ತಿಯನ್ನೂ ಕೊಡುತ್ತದೆ. ಕೊನೆಯ ಮಾದರಿಯಲ್ಲಿ ಹೋಲಿಕೆಯ ಬಗೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಗಾತ್ರದ ಪ್ರಭಾವ ಉಳಿದರೆ ಪಕ್ಷಪಾತದ ಅನುಮಾನ ಗಟ್ಟಿಯಾಗುತ್ತದೆ. ಆದರೆ ಮೇಲಿನ ಉದಾಹರಣೆಯಂತೆ ಚಿಕ್ಕವೆಲ್ಲ ಒಂದು ಬಗೆ, ದೊಡ್ಡವೆಲ್ಲ ಇನ್ನೊಂದು ಬಗೆ ಆಗಿಬಿಟ್ಟಿದ್ದರೆ ಯಾವ ಮಾದರಿಯೂ ಇವೆರಡನ್ನು ಬೇರ್ಪಡಿಸಲಾರದು. ಆಗ ಹಾಗೆಂದೇ ಬರೆಯಬೇಕು.

ಅಂಥ ಸಂದರ್ಭದಲ್ಲಿ ಉಳಿಯುವ ದಾರಿ ತಿದ್ದುಪಡಿಯಲ್ಲ, ಒತ್ತಡದ ಪರೀಕ್ಷೆ. ಸಕ್ರಿಯ ಹೋಲಿಕೆಯ ನಾಲ್ಕು ಪ್ರಯೋಗಗಳ ಸರಾಸರಿ 0.20, ವ್ಯಾಪ್ತಿ 0.05ರಿಂದ 0.35. ಇಷ್ಟೇ ದೊಡ್ಡ ಎರಡು ಪ್ರಯೋಗಗಳು ಸೊನ್ನೆ ಫಲದೊಡನೆ ಕಪಾಟಿನಲ್ಲಿ ಕೂತಿವೆ ಎಂದುಕೊಂಡರೆ ಸರಾಸರಿ 0.13ಕ್ಕೆ ಇಳಿಯುತ್ತದೆ, ವ್ಯಾಪ್ತಿಯ ಕೆಳತುದಿ 0.01ಕ್ಕೆ. ಮೂರು ಎಂದುಕೊಂಡರೆ ಸರಾಸರಿ 0.11, ವ್ಯಾಪ್ತಿ ಸೊನ್ನೆಯನ್ನು ದಾಟುತ್ತದೆ. ವೇಟಿಂಗ್ ಲಿಸ್ಟಿನ ಕಡೆ ಅದೇ ರೀತಿ ಎರಡು ಚಿಕ್ಕ ಪ್ರಯೋಗಗಳನ್ನು ಸೇರಿಸಿದರೆ 0.77 ಇಳಿದು 0.58 ಆಗುತ್ತದೆ, ತೀರ್ಮಾನ ಅಲ್ಲಾಡುವುದಿಲ್ಲ. ಮೂರು ಪ್ರಯೋಗ ಅಡಗಿರುವ ಸಾಧ್ಯತೆ ಎಷ್ಟು ಎಂಬುದನ್ನು ಸೂತ್ರ ಹೇಳದು. ಅದನ್ನು ಹೇಳಬೇಕಾದ್ದು ನೋಂದಣಿ ದಾಖಲೆ. ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ದಾಖಲೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಹುಡುಕುತಾಣದ ಜೊತೆಗೆ, 2007ರಲ್ಲಿ ಶುರುವಾದ ಭಾರತದ ಸಿಟಿಆರ್‌ಐಯನ್ನೂ ಜಾಲಾಡಿ, ಮುಗಿದು ಎರಡು ವರ್ಷವಾದರೂ ಪ್ರಕಟವಾಗದವನ್ನು ಎಣಿಸಬೇಕು. ಹಾಗೆ ಸಿಕ್ಕ ಎಣಿಕೆ ಫನಲ್ ಪ್ಲಾಟಿನ ಊಹೆಗಿಂತ ಹೆಚ್ಚು ಬೆಲೆಬಾಳುತ್ತದೆ.

ಪ್ರಯೋಗಗಳು ಇಪ್ಪತ್ತು-ಮೂವತ್ತು ಇದ್ದರೆ ವೇವಿಯಾ ಮತ್ತು ಹೆಜಸ್ 1995ರಲ್ಲಿ ರೂಪಿಸಿದ ಆಯ್ಕೆ ಮಾದರಿಯನ್ನು ಬಳಸಬಹುದು. ಅದು ಫನಲ್‌ನ ಆಕಾರವನ್ನು ನೋಡುವುದಿಲ್ಲ. ಸಂಖ್ಯಾಶಾಸ್ತ್ರೀಯ ಮಹತ್ವ ಸಿಗದ ಪ್ರಯೋಗ ಪ್ರಕಟವಾಗುವ ಸಾಧ್ಯತೆ, ಸಿಕ್ಕಿದ್ದಕ್ಕೆ ಹೋಲಿಸಿದರೆ ಎಷ್ಟು ಕಡಿಮೆ ಎಂದು ಅಂದಾಜಿಸಿ, ಜೊತೆಗೇ ಭಿನ್ನತೆಗೂ ಜಾಗ ಕೊಡುತ್ತದೆ. ಪ್ರಯೋಗಗಳು ಕಡಿಮೆಯಿದ್ದಾಗ ಆ ಸಾಧ್ಯತೆಯನ್ನು ಅಂದಾಜಿಸುವ ಬದಲು ಅರ್ಧ, ಕಾಲು, ಹತ್ತನೆಯ ಒಂದು ಎಂದು ಬೇರೆ ಬೇರೆ ಬೆಲೆ ಕೊಟ್ಟು ಉತ್ತರ ಎಲ್ಲಿ ಮುರಿಯುತ್ತದೆಂದು ನೋಡುವುದು ಪ್ರಾಮಾಣಿಕ. ಹಳೆಯ ಫೇಲ್-ಸೇಫ್ ಎನ್ ಸಂಖ್ಯೆಯನ್ನು ಮಾತ್ರ ಬಿಟ್ಟುಬಿಡುವುದು ಒಳಿತು. ಅಡಗಿರುವ ಪ್ರಯೋಗಗಳ ಸರಾಸರಿ ಫಲ ಸೊನ್ನೆ ಎಂದು ಅದು ಮೊದಲೇ ನಿರ್ಧರಿಸಿರುತ್ತದೆ, ಭಿನ್ನತೆಯನ್ನು ಕಡೆಗಣಿಸುತ್ತದೆ, ಪರಿಣಾಮದ ಗಾತ್ರದ ಬಗ್ಗೆ ಏನೂ ಹೇಳುವುದಿಲ್ಲ.

ಇಷ್ಟಾದ ಮೇಲೆ ಫಲಿತಾಂಶದ ಸಾಲು ಹೀಗಿರಬೇಕು: ಏನೂ ಮಾಡದೆ ಕಾಯುವುದಕ್ಕೆ ಹೋಲಿಸಿದರೆ ಇಷ್ಟು, ಸಮಾನ ಗಮನ ಪಡೆದ ಗುಂಪಿಗೆ ಹೋಲಿಸಿದರೆ ಇಷ್ಟು, ಔಷಧ ಅಥವಾ ಸ್ಥಾಪಿತ ಮನೋಚಿಕಿತ್ಸೆಗೆ ಹೋಲಿಸಿದರೆ ಇಷ್ಟು, ಪ್ರತಿಯೊಂದಕ್ಕೂ ಮುನ್ಸೂಚನಾ ವ್ಯಾಪ್ತಿ, ಪ್ರತಿಯೊಂದಕ್ಕೂ ಎಷ್ಟು ಅಡಗಿದ ಪ್ರಯೋಗಗಳಿಗೆ ತೀರ್ಮಾನ ಉರುಳುತ್ತದೆ ಎಂಬ ಲೆಕ್ಕ. ಮೂರನ್ನೂ ಬೆರೆಸಿದ ಒಂದೇ ಸರಾಸರಿ ಸಾರಾಂಶದಲ್ಲಿ ಕಾಣಿಸಬಾರದು, ಏಕೆಂದರೆ ಸಾರಾಂಶದಿಂದಾಚೆಗೆ ಉದ್ಧರಿಸಲ್ಪಡುವುದು ಅದೊಂದೇ.

ಸಂಶೋಧನಾ ವಿದ್ಯಾರ್ಥಿಗಳಲ್ಲೂ ಮಾರ್ಗದರ್ಶಕರಲ್ಲೂ ಒಂದು ಕೋರಿಕೆ. ಪ್ರತಿ ಪ್ರಯೋಗದ ಹೋಲಿಕೆ ಗುಂಪಿಗೆ ಏನು, ಎಷ್ಟು ಗಂಟೆ ಸಿಕ್ಕಿತು, ಯಾವ ಆತಂಕ ಮಾಪನ ಬಳಸಲಾಯಿತು, ಸರಾಸರಿ, ಮಾನಕ ವಿಚಲನೆ, ಜನರ ಸಂಖ್ಯೆ, ನೋಂದಣಿ ಸಂಖ್ಯೆ ಇಷ್ಟನ್ನೂ ಒಳಗೊಂಡ ಕೋಷ್ಟಕವನ್ನು ಪ್ರಬಂಧದ ಜೊತೆಗೇ ಪೂರ್ತಿಯಾಗಿ ಪ್ರಕಟಿಸಬೇಕು. ನೋಂದಣಿಯಾಗಿ ಪ್ರಕಟವಾಗದ ಪ್ರಯೋಗಗಳನ್ನೂ ಅದೇ ಕೋಷ್ಟಕದ ಕೊನೆಯಲ್ಲಿ, ಫಲಿತಾಂಶದ ಕಾಲಂ ಖಾಲಿ ಬಿಟ್ಟು, ಹೆಸರಿಸಬೇಕು.

ಇಂತಿ,
ಒಬ್ಬ ಸಂಖ್ಯಾಶಾಸ್ತ್ರ ಅಧ್ಯಾಪಕ